ಒಂದು ಪೊಟ್ಟಣ, ನಾಲ್ಕು ಉತ್ತರ: ಸೂಡೊಮೊನಾಸ್ ಎಣಿಕೆಯನ್ನು ಸರಿಪಡಿಸಿದ ಟಿಪ್ಪಣಿ

ತೀರ್ಥಹಳ್ಳಿ ಕಡೆಯ ನಮ್ಮ ಊರಲ್ಲಿ ಕಾಳುಮೆಣಸಿನ ಸಸಿ ಮಾಡುವವರು ಮಳೆಗಾಲಕ್ಕೆ ಮುಂಚೆ ಸೂಡೊಮೊನಾಸ್ ಪುಡಿ ತರುತ್ತಾರೆ. ಟಾಲ್ಕ್ ಪುಡಿಯಲ್ಲಿ ಸೂಡೊಮೊನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾ ಬೆರೆಸಿದ ಪೊಟ್ಟಣ. ಸೊರಗು ರೋಗ ಬರದಿರಲಿ ಅಂತ ನೀರಿಗೆ ಕಲಸಿ ಬುಡಕ್ಕೆ ಹೊಯ್ಯುತ್ತಾರೆ. ನಾವು ತಂದ ಪೊಟ್ಟಣದ ಮೇಲೆ ಗ್ರಾಮಿಗೆ 1×10⁸ ಸಿಎಫ್‌ಯು ಎಂದು ಬರೆದಿತ್ತು. ಅಂದರೆ ಒಂದು ಗ್ರಾಂ ಪುಡಿಯನ್ನು ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಾದ ಅಗರ್ ಮೇಲೆ ಹರಡಿದರೆ ಹತ್ತು ಕೋಟಿ ಕಾಲೊನಿ, ಅಂದರೆ ಕಣ್ಣಿಗೆ ಕಾಣುವ ಚುಕ್ಕೆ, ಏಳಬೇಕು. ಜೀವ ಇರುವ ಕೋಶ ಮಾತ್ರ ಕಾಲೊನಿ ಕಟ್ಟುತ್ತದೆ. ಸತ್ತದ್ದು ಲೆಕ್ಕಕ್ಕಿಲ್ಲ.

ನನ್ನ ತಮ್ಮನ ಮಗ ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಾನೆ. ರಜೆಗೆ ಬಂದವನು ಈ ಪೊಟ್ಟಣವನ್ನು ತಾನೇ ಪರೀಕ್ಷೆ ಮಾಡಿ ನನ್ನ ಮುಂದೆ ಹಾಳೆ ಇಟ್ಟ. "ದೊಡ್ಡಪ್ಪ, ಪಾಸಾಗಿದೆ. ಸರಿಯಾಗಿ 1.0×10⁸ ಬಂತು."

ಸರಿಯಾಗಿ ಲೇಬಲ್‌ನ ಸಂಖ್ಯೆಯೇ ಬಂದರೆ ನನಗೆ ಸ್ವಲ್ಪ ಅನುಮಾನ. ಹಾಲಿನ ಡೈರಿಯ ಲ್ಯಾಬಿನಲ್ಲಿ ಇದ್ದಷ್ಟು ಕಾಲವೂ ಅಗರ್ ಪ್ಲೇಟಿನ ಕಾಲೊನಿ ಎಣಿಸಿದ್ದೇನೆ. ಉತ್ತರ ನೋಡುವ ಮುಂಚೆ ಕಚ್ಚಾ ಎಣಿಕೆ ನೋಡುವುದು ಅಲ್ಲಿಂದ ಬಂದ ಅಭ್ಯಾಸ. ಅವನು ಎಲ್ಲಾ ಪ್ಲೇಟಿನ ಎಣಿಕೆಯನ್ನೂ ಬರೆದಿಟ್ಟಿದ್ದ, ಅದು ಒಳ್ಳೆಯದಾಯಿತು. ಪುಡಿಯನ್ನು ಉಪ್ಪು ನೀರಿನಲ್ಲಿ ಹಂತ ಹಂತವಾಗಿ ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಹೋಗಿದ್ದ; 10⁻⁴ ಅಂದರೆ ಹತ್ತು ಸಾವಿರ ಪಟ್ಟು ತೆಳು. ಪ್ರತಿ ಹಂತಕ್ಕೆ ಮೂರು ಪ್ಲೇಟ್, ಪ್ರತಿ ಪ್ಲೇಟಿಗೆ 0.1 ಮಿ.ಲೀ.

```
10⁻⁴ :  211   196   224    ಸರಾಸರಿ 210
10⁻⁵ :   96    55    33    ಸರಾಸರಿ  61
10⁻⁶ :   17     8     5    ಸರಾಸರಿ  10
```

ಎಣಿಸೋದಕ್ಕೆ ಸುಲಭ ಅಂತ ಅವನು ಕೊನೆಯ ಸಾಲು ಹಿಡಿದಿದ್ದ. 10 ಕಾಲೊನಿ, 0.1 ಮಿ.ಲೀ., 10⁻⁶. ಗುಣಿಸಿದರೆ ಹತ್ತು ಕೋಟಿ. ಗುಣಾಕಾರದಲ್ಲಿ ತಪ್ಪಿಲ್ಲ.

ಆದರೆ ಮೂರು ಸಾಲನ್ನೂ ಬೇರೆ ಬೇರೆ ಲೆಕ್ಕ ಹಾಕಿ ನೋಡಿ. ಮೊದಲನೆಯದು 2.1×10⁷ ಕೊಡುತ್ತದೆ. ಎರಡನೆಯದು 6.1×10⁷. ಮೂರನೆಯದು 1.0×10⁸. ಪುಡಿ ಒಂದೇ, ಬಾಟಲಿ ಒಂದೇ. ಹಾಗಿದ್ದ ಮೇಲೆ ಮೂರೂ ಹೆಚ್ಚುಕಡಿಮೆ ಒಂದೇ ಆಗಬೇಕಲ್ವಾ? ಪ್ರತಿ ಹಂತಕ್ಕೂ ಹತ್ತು ಪಟ್ಟು ತೆಳು ಮಾಡಿದರೆ ಕಾಲೊನಿಯೂ ಹತ್ತರಲ್ಲಿ ಒಂದಾಗಬೇಕು. ಇಲ್ಲಿ 210 ಹೋಗಿ 61 ಆಗಿದೆ, ಅಂದರೆ ಮೂರೂವರೆ ಪಟ್ಟು ಮಾತ್ರ ಇಳಿದಿದೆ. ತೆಳು ಮಾಡಿದಷ್ಟೂ ಉತ್ತರ ದೊಡ್ಡದಾಗುತ್ತಿದೆ ಅಂದರೆ ಎಲ್ಲೋ ಹಿಂದಿನ ಗಟ್ಟಿ ದ್ರವ ಮುಂದಿನ ಪ್ಲೇಟಿಗೆ ಸೇರುತ್ತಿದೆ.

ಇದಕ್ಕೆ ಇನ್ನೊಂದು ಕಾರಣವೂ ಇರಬಹುದಿತ್ತು. ಮೊದಲ ಪ್ಲೇಟಿನಲ್ಲಿ ಕಾಲೊನಿ ತೀರಾ ಕಿಕ್ಕಿರಿದಿದ್ದರೆ ಒಂದರ ಮೇಲೊಂದು ಬೆಳೆದು ಎಣಿಕೆ ಕಡಿಮೆ ಬರುತ್ತದೆ. ಆಗಲೂ ಮುಂದಿನ ಹಂತದ ಉತ್ತರ ದೊಡ್ಡದಾಗಿ ಕಾಣುತ್ತದೆ. ಆದರೆ 90 ಮಿ.ಮೀ. ಪ್ಲೇಟಿನಲ್ಲಿ 210 ಅಂದರೆ ಕಿಕ್ಕಿರಿದದ್ದಲ್ಲ. ಅದಕ್ಕಿಂತ ದೊಡ್ಡ ಸುಳಿವು ಎರಡನೇ ಸಾಲಿನಲ್ಲೇ ಇತ್ತು: 96, 55, 33. ಒಂದೇ ಟ್ಯೂಬಿನಿಂದ ಹಾಕಿದ ಮೂರು ಪ್ಲೇಟ್ ಹೀಗೆ ಸಾಲಾಗಿ ಇಳಿಯಬಾರದು. ಮೂರನೇ ಸಾಲೂ ಅದೇ ತರ: 17, 8, 5. ಏನೋ ಒಂದು ಪ್ಲೇಟಿನಿಂದ ಪ್ಲೇಟಿಗೆ ತೊಳೆದುಕೊಂಡು ಹೋಗುತ್ತಿದೆ.

"ಪ್ಲೇಟಿಗೆ ಯಾವುದರಲ್ಲಿ ಹಾಕಿದೆ?" ಅಂದೆ.

"ಮೆಡಿಕಲ್‌ನಲ್ಲಿ ತಂದ 1 ಮಿ.ಲೀ. ಸಿರಿಂಜ್. ಟ್ಯೂಬಿಂದ ಟ್ಯೂಬಿಗೆ ಹೊಸ ಹೊಸದು ತಗೊಂಡೆ. ಪ್ಲೇಟಿಗೆ ಹಾಕೋಕೆ ಮಾತ್ರ ಒಂದೇ. ಹೆಂಗೂ ಅದೇ ಬ್ಯಾಕ್ಟೀರಿಯಾ ಅಲ್ವಾ?"

ಸಿರಿಂಜನ್ನು ತೂಕಕ್ಕೆ ಇಟ್ಟೆವು. ಮನೆಯಲ್ಲಿ 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದೆ. ಒಣ ಸಿರಿಂಜನ್ನು ಸೂಜಿ ಸಮೇತ ತೂಗಿ, ನೀರು ಎಳೆದು, ಪೂರ್ತಿ ಒತ್ತಿ ಖಾಲಿ ಮಾಡಿ ಮತ್ತೆ ತೂಗಿದೆವು. 0.07 ಗ್ರಾಂ ಜಾಸ್ತಿ. ಅಂದರೆ ಮೂತಿಯಲ್ಲೂ ಸೂಜಿಯ ಬುಡದಲ್ಲೂ 0.07 ಮಿ.ಲೀ. ನೀರು ಯಾವಾಗಲೂ ಉಳಿದೇ ಇರುತ್ತದೆ. ಡಾಕ್ಟರಿಗೆ ಅದು ದೊಡ್ಡದಲ್ಲ. 0.1 ಮಿ.ಲೀ. ಹಾಕುವ ನಮಗೆ ಅದು ಹತ್ತಿರ ಹತ್ತಿರ ಮುಕ್ಕಾಲು ಪಾಲು.

ಲೆಕ್ಕ ಹಾಕಿ ನೋಡಿ. 10⁻⁴ ಟ್ಯೂಬಿನ ಕೊನೆಯ ಪ್ಲೇಟ್ ಆದ ಮೇಲೆ ಸಿರಿಂಜಿನಲ್ಲಿ ಉಳಿದ 0.07 ಮಿ.ಲೀ.ನಲ್ಲಿ ಸುಮಾರು 147 ಕಾಲೊನಿ ಆಗುವಷ್ಟು ಜೀವ ಇದೆ. ಅದರ ಜೊತೆ 10⁻⁵ ಟ್ಯೂಬಿನಿಂದ 0.1 ಮಿ.ಲೀ. ಎಳೆದರೆ ಬರುವುದು 21. ಒಟ್ಟು 168, 0.17 ಮಿ.ಲೀ.ನಲ್ಲಿ. ಅದರಲ್ಲಿ 0.1 ಹೊರಗೆ ತಳ್ಳಿದರೆ 99. ಅವನ ಮೊದಲ ಪ್ಲೇಟಿನಲ್ಲಿ 96 ಇತ್ತು. ಉಳಿದ 69ಕ್ಕೆ ಮತ್ತೆ 21 ಸೇರಿಸಿ ಇದೇ ಲೆಕ್ಕ ಮುಂದುವರಿಸಿದರೆ 53, ಆಮೇಲೆ 34. ಅವನಿಗೆ ಬಂದದ್ದು 55, 33. ಹುಡುಗ ಒಂದು ನಿಮಿಷ ಮಾತೇ ಆಡಲಿಲ್ಲ.

ಹಾಗಾಗಿ ಎರಡನೇ ಸುತ್ತಿಗೆ ಸಿರಿಂಜ್ ಕೈಬಿಟ್ಟೆವು. ಗೆರೆ ಇರುವ 1 ಮಿ.ಲೀ. ಗಾಜಿನ ಪಿಪೆಟ್‌ಗಳನ್ನು ಪೇಪರಿನಲ್ಲಿ ಸುತ್ತಿ ಕುಕ್ಕರಿನಲ್ಲಿ ಬೇಯಿಸಿ ಒಣಗಿಸಿದೆವು. ಹಂತಕ್ಕೊಂದು ಪಿಪೆಟ್. ಬಾಯಲ್ಲಿ ಎಳೆಯುವ ಹಳೇ ಚಾಳಿ ಬೇಡ, ರಬ್ಬರ್ ಬಲ್ಬ್ ಹಾಕಿ. ಪಿಪೆಟ್ ಕಡಿಮೆ ಇದ್ದರೆ ಒಂದು ದಾರಿ ಇದೆ: ತೀರಾ ತೆಳುವಾದ ಟ್ಯೂಬಿನಿಂದ ಶುರು ಮಾಡಿ ಗಟ್ಟಿ ಕಡೆಗೆ ಹೋಗಬೇಕು. ಪ್ರತಿ ಟ್ಯೂಬಿನಲ್ಲೂ ಪಿಪೆಟ್ಟನ್ನು ಎರಡು ಮೂರು ಸಲ ಎಳೆದು ಬಿಟ್ಟು ಆಮೇಲೆ ಪ್ಲೇಟಿಗೆ ಹಾಕಬೇಕು. ಆಗ ಹಿಂದಿನದು ಉಳಿದರೂ ತೆಳುವಾದದ್ದೇ ಉಳಿಯುತ್ತದೆ, ಎಣಿಕೆ ಕೆಡುವುದಿಲ್ಲ. ಇದು ಪ್ಲೇಟ್ ಹಾಕುವಾಗ ಮಾತ್ರ. ಟ್ಯೂಬಿನಿಂದ ಟ್ಯೂಬಿಗೆ ಹೋಗುವಾಗ ದಾರಿ ಗಟ್ಟಿಯಿಂದ ತೆಳುವಿಗೇ, ಅಲ್ಲಿ ಹೊಸ ಪಿಪೆಟ್ ಬೇಕೇ ಬೇಕು.

ಪಿಪೆಟ್ ಸರಿಯಾಯಿತು. ಮುಂದಿನ ಅನುಮಾನ ನೀರಿನ ಟ್ಯೂಬುಗಳ ಮೇಲೆ. ಪ್ರತಿ ಟ್ಯೂಬಿನಲ್ಲಿ 9 ಮಿ.ಲೀ. ಉಪ್ಪು ನೀರು (100 ಮಿ.ಲೀ.ಗೆ 0.85 ಗ್ರಾಂ ಉಪ್ಪು) ತುಂಬಿ, ಮುಚ್ಚಳ ಸಡಿಲ ಬಿಟ್ಟು, ಕುಕ್ಕರಿನಲ್ಲಿ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಇಡುವುದು ಅವನ ಕ್ರಮ. ಬರೀ ಡಿಸ್ಟಿಲ್ಡ್ ವಾಟರ್ ಹಾಕಿಲ್ಲ, ಅದು ಸರಿ. ಅದರಲ್ಲಿ ಸುಸ್ತಾದ ಕೋಶಗಳು ಸಾಯುತ್ತವೆ. ಆದರೆ ಕುಕ್ಕರಿನಿಂದ ತೆಗೆದ ಟ್ಯೂಬನ್ನು ತೂಗಿದರೆ ಒಳಗೆ ಉಳಿದದ್ದು 8.6 ಮಿ.ಲೀ. ಆವಿಯಾಗಿ 0.4 ಹೋಗಿದೆ.

8.6ಕ್ಕೆ 1 ಸೇರಿಸಿದರೆ 9.6. ಹತ್ತು ಪಟ್ಟು ತೆಳು ಮಾಡಿದ್ದೇವೆ ಅಂದುಕೊಂಡದ್ದು ನಿಜವಾಗಿ 9.6 ಪಟ್ಟು. ಒಂದು ಹಂತಕ್ಕೆ ಏನೂ ಅಲ್ಲ ಅನಿಸುತ್ತದೆ. ಆದರೆ ಇದು ಚಕ್ರಬಡ್ಡಿ. ಮೂರು ಹಂತಕ್ಕೆ 1000ದ ಬದಲು 885 ಆಗುತ್ತದೆ, ಉತ್ತರ 13 ಪರ್ಸೆಂಟ್ ಜಾಸ್ತಿ ಬರುತ್ತದೆ. ಆರು ಹಂತ ಹೋದರೆ 28 ಪರ್ಸೆಂಟ್ ಜಾಸ್ತಿ.

ಇದರ ತದ್ವಿರುದ್ಧ ತಪ್ಪನ್ನೂ ತುಂಬಾ ಜನ ಮಾಡುತ್ತಾರೆ. 10 ಮಿ.ಲೀ. ನೀರಿಗೆ 1 ಮಿ.ಲೀ. ಹಾಕಿ ಅದನ್ನೇ ಹತ್ತು ಪಟ್ಟು ಎಂದು ಬರೆಯುತ್ತಾರೆ. ಅದು ಹನ್ನೊಂದು ಪಟ್ಟು. ಮೂರು ಹಂತಕ್ಕೆ 1331, ಆರು ಹಂತಕ್ಕೆ ಹದಿನೇಳು ಲಕ್ಷದ ಮೇಲೆ. ನಿಜವಾದ ಸಂಖ್ಯೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಕೈಗೆ ಸಿಗುತ್ತದೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಸಿರಿಂಜಿನ ತಪ್ಪನ್ನು ಪ್ಲೇಟುಗಳೇ ಹೇಳಿದವು, ಯಾಕೆಂದರೆ ಹತ್ತು ಪಟ್ಟು ಇಳಿಯಬೇಕಾದದ್ದು ಮೂರೂವರೆ ಪಟ್ಟು ಇಳಿದಿತ್ತು. ಆದರೆ 9.6 ಪಟ್ಟು ಅಥವಾ 11 ಪಟ್ಟು ಇಳಿದರೆ ಪ್ಲೇಟ್ ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಎಣಿಕೆಯ ಸಹಜ ಏರಿಳಿತದಲ್ಲೇ ಅದು ಮುಚ್ಚಿಹೋಗುತ್ತದೆ. ಅದಕ್ಕೆ ತಕ್ಕಡಿಯೇ ಬೇಕು. ನಾವು ಮಾಡಿದ್ದು ಇಷ್ಟೇ: ಉಪ್ಪು ನೀರನ್ನು ದೊಡ್ಡ ಬಾಟಲಿಯಲ್ಲಿ ಒಟ್ಟಿಗೆ ಬೇಯಿಸಿ, ಆರಿದ ಮೇಲೆ, ಬೇಯಿಸಿಟ್ಟ ಖಾಲಿ ಟ್ಯೂಬುಗಳಿಗೆ ದೀಪದ ಪಕ್ಕದಲ್ಲಿ 9 ಮಿ.ಲೀ. ಅಳೆದು ಹಾಕಿದೆವು. ಕುಕ್ಕರನ್ನು ತಾನಾಗಿ ಆರಲು ಬಿಡಿ. ಅವಸರಕ್ಕೆ ವೇಯ್ಟ್ ಎತ್ತಿ ಆವಿ ಬಿಟ್ಟರೆ ಬಾಟಲಿ ಒಳಗೆ ಕುದಿದು ಉಕ್ಕುತ್ತದೆ.

ಇನ್ನು ಪ್ಲೇಟು. ಮೀಡಿಯಾ ಕಿಂಗ್ಸ್ ಬಿ ಅಗರ್. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಪುಡಿ ಸಿಗುತ್ತದೆ, ಲೀಟರಿಗೆ 10 ಮಿ.ಲೀ. ಗ್ಲಿಸರಾಲ್ ಸೇರಿಸಬೇಕು. ಈ ಅಗರ್ ಮೇಲೆ ಫ್ಲೋರೆಸೆನ್ಸ್ ಹಳದಿ-ಹಸಿರು ಬಣ್ಣ ಬಿಡುತ್ತದೆ, ಯುವಿ ಟಾರ್ಚ್ ಹಿಡಿದರೆ ಹೊಳೆಯುತ್ತದೆ. ಹೊಳೆಯದ ಕಾಲೊನಿ ಬೇರೆ ಯಾವುದೋ. ಆದರೆ ಆ ಬಣ್ಣ ಅಗರಿನೊಳಗೆ ಹರಡುತ್ತದೆ. ಎರಡು ದಿನ ಬಿಟ್ಟರೆ ಇಡೀ ಪ್ಲೇಟ್ ಹೊಳೆಯುತ್ತದೆ, ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ನಾವು 28 ಡಿಗ್ರಿಯಲ್ಲಿ ಇಟ್ಟು, ಒಂದು ದಿನ ಕಳೆದು ಕಾಲೊನಿ ಚಿಕ್ಕದಿದ್ದಾಗಲೇ ಎಣಿಸಿದೆವು. ಇನ್‌ಕ್ಯುಬೇಟರ್ ಅಂದರೆ ಥರ್ಮೋಕೋಲ್ ಪೆಟ್ಟಿಗೆ, ಒಳಗೊಂದು ಬಲ್ಬು, ಒಂದು ಥರ್ಮೋಸ್ಟಾಟ್. ಕರೆಂಟು ಹೋದರೂ ಪೆಟ್ಟಿಗೆ ಬೇಗ ತಣ್ಣಗಾಗುವುದಿಲ್ಲ.

ಹೊಳೆಯಿತು ಅಂದ ಮಾತ್ರಕ್ಕೆ ಅದು ಫ್ಲೋರೆಸೆನ್ಸೇ ಅಂತ ಗ್ಯಾರಂಟಿ ಇಲ್ಲ. ಮನುಷ್ಯರಿಗೆ ಸೋಂಕು ತರಬಲ್ಲ ಸೂಡೊಮೊನಾಸ್ ಏರುಜಿನೋಸಾ ಕೂಡ ಹೊಳೆಯುತ್ತದೆ. ಅದು 42 ಡಿಗ್ರಿಯಲ್ಲೂ ಬೆಳೆಯುತ್ತದೆ, ಫ್ಲೋರೆಸೆನ್ಸ್ ಅಷ್ಟು ಬಿಸಿಗೆ ಬೆಳೆಯುವುದಿಲ್ಲ. ಬೆಳೆದದ್ದರಲ್ಲಿ ಸೋಂಕಿನದೂ ಇರಬಹುದು, ಹಾಗಾಗಿ ಪ್ಲೇಟಿಗೆ ಟೇಪ್ ಸುತ್ತಿ, ಮುಚ್ಚಳ ತೆಗೆಯದೆ ಹೊರಗಿನಿಂದಲೇ ಪೆನ್ನಿನಲ್ಲಿ ಚುಕ್ಕೆ ಇಡುತ್ತಾ ಎಣಿಸುವುದು.

ನಮ್ಮ ಮಳೆಗಾಲದಲ್ಲಿ ದೊಡ್ಡ ತಲೆನೋವು ಅಗರಿನ ಮೇಲಿನ ತೇವ. ಬಿಸಿ ಬಿಸಿ ಅಗರ್ ಸುರಿದರೆ ಮುಚ್ಚಳದಲ್ಲಿ ಹನಿ ಕಟ್ಟಿ ಕೆಳಗೆ ಬೀಳುತ್ತದೆ. ಒದ್ದೆ ಪ್ಲೇಟಿನ ಮೇಲೆ ಕೋಶಗಳು ಈಜಿಕೊಂಡು ಹೋಗಿ ಕಾಲೊನಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. 0.1 ಮಿ.ಲೀ. ಹರಡಿದ ಮೇಲೆ ಅದು ಒಳಗೆ ಹೀರಬೇಕು. ಹೀರದೆ ಜಾರುತ್ತಿದ್ದರೆ ಆ ಪ್ಲೇಟ್ ಎಣಿಕೆಗೆ ಬಾರದು. ಅಗರ್ ಬಾಟಲಿಯನ್ನು ಕೈಯಲ್ಲಿ ಹಿಡಿಯಬಹುದಾದಷ್ಟು ಆರಿಸಿ ಸುರಿದು, ಮಾರನೇ ದಿನದವರೆಗೆ ಪ್ಲೇಟನ್ನು ಮಗುಚಿ ಅದೇ ಬಲ್ಬಿನ ಪೆಟ್ಟಿಗೆಯಲ್ಲಿ ಒಣಗಿಸಿದೆವು.

ಪುಡಿ 10 ಗ್ರಾಂ ತೂಗಿ 90 ಮಿ.ಲೀ. ಉಪ್ಪು ನೀರಿಗೆ ಹಾಕಿ, ಪುಡಿಯನ್ನು ನೀರಿನಲ್ಲಿ ಬಿಡಿಸಲು ಸೋಪಿನಂಥ ಟ್ವೀನ್ 80 ಒಂದು ಹನಿ ಬಿಟ್ಟು, ಚೆನ್ನಾಗಿ ಕುಲುಕಿದೆವು. ಇದು 10⁻¹. ಟಾಲ್ಕ್ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ, ಬ್ಯಾಕ್ಟೀರಿಯಾ ಅದಕ್ಕೇ ಅಂಟಿಕೊಂಡಿರುತ್ತದೆ. ಕುಲುಕಿದ ತಕ್ಷಣ ಮಧ್ಯದಿಂದ ಎಳೆಯಬೇಕು. ಒಂದು ಕಣಕ್ಕೆ ಐವತ್ತು ಕೋಶ ಅಂಟಿಕೊಂಡಿದ್ದರೂ ಪ್ಲೇಟಿನಲ್ಲಿ ಏಳುವುದು ಒಂದೇ ಕಾಲೊನಿ. ಅದಕ್ಕೇ ಉತ್ತರವನ್ನು ಕೋಶ ಎನ್ನದೆ ಸಿಎಫ್‌ಯು, ಅಂದರೆ ಕಾಲೊನಿ ಕಟ್ಟುವ ಘಟಕ, ಎನ್ನುವುದು. ಕುಲುಕುವುದು ಕಡಿಮೆಯಾದರೆ ಎಣಿಕೆಯೂ ಕಡಿಮೆಯೇ. ಎರಡು ಪೊಟ್ಟಣ ಹೋಲಿಸುವಾಗ ಎರಡನ್ನೂ ಒಂದೇ ತರ, ಒಂದೇ ಹೊತ್ತು ಕುಲುಕಬೇಕು. ಕುಲುಕಿದ್ದನ್ನು ಅರ್ಧ ಗಂಟೆಯೊಳಗೆ ಪ್ಲೇಟಿಗೆ ಹಾಕಿ ಮುಗಿಸಬೇಕು.

ಎರಡನೇ ಸುತ್ತಿನ ಎಣಿಕೆ:

```
10⁻⁴ :  204   221   198    ಒಟ್ಟು 623
10⁻⁵ :   24    17    22    ಒಟ್ಟು  63
10⁻⁶ :    3     1     2    ಒಟ್ಟು   6
```

623, 63, 6. ಈಗ ಹತ್ತು ಹತ್ತು ಪಟ್ಟು ಇಳಿದಿದೆ. ಸಾಲಿನೊಳಗೆ ಏರಿಳಿತ ಇದೆ, ಆದರೆ ಮೊದಲಿನ ತರ ಒಂದೇ ದಿಕ್ಕಿಗೆ ಇಳಿಯುತ್ತಿಲ್ಲ.

ಲೆಕ್ಕಕ್ಕೆ ಯಾವ ಸಾಲು ಹಿಡಿಯಬೇಕು? 30ರಿಂದ 300 ಕಾಲೊನಿ ಇರುವ ಪ್ಲೇಟ್ ಎನ್ನುವುದು ಹಳೆಯ ರೂಢಿ. ಕೆಲವು ಕಡೆ 25ರಿಂದ 250 ಎನ್ನುತ್ತಾರೆ. 300 ದಾಟಿದರೆ ಕಾಲೊನಿಗಳು ಕೂಡಿಕೊಳ್ಳುತ್ತವೆ. 30ಕ್ಕಿಂತ ಕೆಳಗೆ ಆಕಸ್ಮಿಕವೇ ಜಾಸ್ತಿ. ಎಣಿಕೆಯ ವರ್ಗಮೂಲದಷ್ಟು ಏರಿಳಿತ ಸುಮ್ನೆ ಅದೃಷ್ಟದಿಂದಲೇ ಬರುತ್ತದೆ. 200 ಎಣಿಸಿದರೆ ಆಚೀಚೆ 14, ಅಂದರೆ ನೂರಕ್ಕೆ ಏಳು. 2 ಎಣಿಸಿದರೆ ಆಚೀಚೆ 1.4, ಅಂದರೆ ನೂರಕ್ಕೆ ಎಪ್ಪತ್ತು. ಕೊನೆಯ ಸಾಲಿನ 3 ಹಿಡಿದವನಿಗೂ 1 ಹಿಡಿದವನಿಗೂ ಉತ್ತರದಲ್ಲಿ ಮೂರು ಪಟ್ಟು ವ್ಯತ್ಯಾಸ. ಎಣಿಸಲು ಸುಲಭವಾದ ಪ್ಲೇಟೇ ನಂಬಲು ಕಷ್ಟವಾದದ್ದು. ನಾವು ಮೊದಲ ಸಾಲು ಮಾತ್ರ ತೆಗೆದುಕೊಂಡೆವು.

```
ಸಿಎಫ್‌ಯು/ಗ್ರಾಂ = ಸರಾಸರಿ ಕಾಲೊನಿ ÷ (ಹಾಕಿದ ಮಿ.ಲೀ. × ಟ್ಯೂಬಿನ ಡೈಲ್ಯೂಷನ್)
            = 207.7 ÷ (0.1 × 10⁻⁴)
            = 2.1 × 10⁷
```

ಎರಡು ಸಾಲೂ 30-300ರೊಳಗೆ ಬಿದ್ದಿದ್ದರೆ ಪ್ರತಿ ಸಾಲಿನ ಉತ್ತರ ಬೇರೆ ಬೇರೆ ತೆಗೆದು ಸರಾಸರಿ ಮಾಡುವುದು ಸರಿಯಲ್ಲ. ಆಗ ಕಡಿಮೆ ಕಾಲೊನಿಯ, ಜಾಸ್ತಿ ಅಲುಗಾಡುವ ಪ್ಲೇಟಿಗೂ ಅಷ್ಟೇ ಮರ್ಯಾದೆ ಸಿಗುತ್ತದೆ. ಎಲ್ಲಾ ಕಾಲೊನಿ ಕೂಡಿಸಿ, ಎಲ್ಲಾ ಪ್ಲೇಟಿಗೆ ಸೇರಿ ನಿಜವಾಗಿ ಹೋದ ಪುಡಿಯ ತೂಕದಿಂದ ಭಾಗಿಸುವುದು ಸರಿಯಾದ ದಾರಿ.

ಸೂತ್ರ ಸಣ್ಣದು, ಆದರೆ ಹುಡುಗರು ಎಡವುವುದು ಆ 0.1ರಲ್ಲೇ. ನಮ್ಮ ಇದೇ ಪ್ಲೇಟನ್ನು ಇಟ್ಟುಕೊಂಡು ನೋಡಿ. 0.1 ಮಿ.ಲೀ. ಹಾಕಿದ್ದು ಮರೆತರೆ ಉತ್ತರ 2.1×10⁶. ಇದಕ್ಕೆ ಉಲ್ಟಾ ಇನ್ನೊಂದಿದೆ, ಅದು ಜಾಸ್ತಿ ಅಪಾಯದ್ದು. 0.1 ಮಿ.ಲೀ. ಹಾಕಿದ್ದರಿಂದ ಇನ್ನೂ ಹತ್ತು ಪಟ್ಟು ತೆಳುವಾಯಿತು ಎಂದು ಕೆಲವರು ಪ್ಲೇಟಿನ ಮೇಲೆ 10⁻⁵ ಎಂದೇ ಬರೆಯುತ್ತಾರೆ. ಅದೂ ಒಂದು ಪದ್ಧತಿ, ತಪ್ಪೇನಲ್ಲ. ಆದರೆ ಎಣಿಸುವ ದಿನ ಅದು ಮರೆತುಹೋಗಿ ಮತ್ತೆ 0.1ರಿಂದ ಭಾಗಿಸಿದರೆ 2.1×10⁸ ಬರುತ್ತದೆ. ಪೊಟ್ಟಣ ಡಬಲ್ ಪಾಸು! ಸಿರಿಂಜಿನ ಉತ್ತರವೂ ಸೇರಿ ಒಂದೇ ಪುಡಿಗೆ ನಾಲ್ಕು ಉತ್ತರ. ಎರಡರಲ್ಲಿ ಪಾಸು, ಎರಡರಲ್ಲಿ ಫೇಲು. ಈ ತಪ್ಪನ್ನು ಹತ್ತು ಪಟ್ಟಿನ ಪರೀಕ್ಷೆಯೂ ಹಿಡಿಯುವುದಿಲ್ಲ, ತಕ್ಕಡಿಯೂ ಹಿಡಿಯುವುದಿಲ್ಲ, ಯಾಕೆಂದರೆ ಎಲ್ಲಾ ಸಾಲೂ ಒಟ್ಟಿಗೆ ಹತ್ತು ಪಟ್ಟು ಏರುತ್ತವೆ. ಅದಕ್ಕೆ ಈಗ ನಮ್ಮ ಪ್ಲೇಟಿನ ತಳದಲ್ಲಿ ಬರೆಯುವುದು ಹೀಗೆ: "ಟ್ಯೂಬ್ 10⁻⁴, ಹಾಕಿದ್ದು 0.1". ಎರಡೂ ಬೇರೆ ಬೇರೆ, ಸೇರಿಸಿ ಬರೆಯುವುದಿಲ್ಲ.

ಮೊದಲ ಬಾಟಲಿಯನ್ನು ಬಿಟ್ಟು ಟ್ಯೂಬಿನಿಂದ ಎಣಿಸಲು ಶುರು ಮಾಡುವುದೂ ಉಂಟು. 10 ಗ್ರಾಂ 90ಕ್ಕೆ ಹಾಕಿದಾಗಲೇ ಒಂದು ಹಂತ ಆಗಿದೆ. ಅದನ್ನು ಮರೆತರೆ ಮತ್ತೆ ಹತ್ತು ಪಟ್ಟು ಕಡಿಮೆ. ಬಾಟಲಿಗೂ ನಂಬರ್ ಹಾಕಿಬಿಟ್ಟರೆ ಈ ಗೊಂದಲವೇ ಇಲ್ಲ.

ಉತ್ತರ ಬರೆಯುವಾಗ ಕ್ಯಾಲ್ಕುಲೇಟರ್ ತೋರಿಸಿದ 20766667 ಬರೆಯಬೇಡ ಅಂದೆ. 623 ಕಾಲೊನಿ ಎಣಿಸಿದವನಿಗೆ ಎಂಟು ಅಂಕಿ ಗೊತ್ತಿರಲು ಸಾಧ್ಯವಿಲ್ಲ. 2.1×10⁷ ಸಾಕು. ಲೇಬಲ್ ಹೇಳಿದ್ದರಲ್ಲಿ ಐದನೇ ಒಂದು ಪಾಲು. ಪ್ಲೇಟಿನ ಏರಿಳಿತ, ಪಿಪೆಟ್ಟಿನ ಅಳತೆ ಎಲ್ಲಾ ಸೇರಿಸಿದರೂ ಐದು ಪಟ್ಟು ವ್ಯತ್ಯಾಸ ಮುಚ್ಚುವುದಿಲ್ಲ. ಹಾಗಂತ ತಯಾರಿಸಿದವರದೇ ತಪ್ಪು ಅಂತಲೂ ಹೇಳಲು ಬರುವುದಿಲ್ಲ. ಸೂಡೊಮೊನಾಸ್ ಬೀಜಕ ಕಟ್ಟುವ ಜಾತಿಯಲ್ಲ, ಬಿಸಿಲಿಗೆ ಕಾದ ತಗಡಿನ ಕೆಳಗೆ ಇಟ್ಟರೆ ಪೊಟ್ಟಣದಲ್ಲೇ ಸಾಯುತ್ತದೆ. ಇದು ಎಲ್ಲೆಲ್ಲಿ ಕೂತು ಬಂತೋ. ಒಂದು ಪೊಟ್ಟಣದ ಎಣಿಕೆ ಆ ಪೊಟ್ಟಣದ್ದು ಮಾತ್ರ. ಅದೇ ಬ್ಯಾಚಿನ ಇನ್ನೆರಡು ಪೊಟ್ಟಣ ಬೇರೆ ಅಂಗಡಿಯಿಂದ ತರಲು ಹೇಳಿದ್ದೇನೆ. ಅವು ಒಳ್ಳೆಯ ಎಣಿಕೆ ಕೊಟ್ಟರೆ ಸಂಗ್ರಹದ ದೋಷ, ಅವೂ ಇಷ್ಟೇ ಕೊಟ್ಟರೆ ಬ್ಯಾಚಿನ ದೋಷ ಇರುವ ಸಾಧ್ಯತೆ ಜಾಸ್ತಿ.

ಎಣಿಸಿದ ಪ್ಲೇಟುಗಳನ್ನು ಟೇಪ್ ಬಿಚ್ಚದೆ ಶಾಖಕ್ಕೆ ಕರಗದ ಚೀಲದಲ್ಲಿ ಹಾಕಿ ಅರ್ಧ ಗಂಟೆ ಕುಕ್ಕರಿನಲ್ಲಿ ಬೇಯಿಸಿ ಆಮೇಲೆ ಎಸೆದೆವು. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗುವುದಿಲ್ಲ. ಅದಕ್ಕೆ ಕೆಂಪು ಪೇಂಟ್ ಬಳಿದಿದ್ದೇವೆ.